ಮುಯ್ಯಿ ಚೀಟಿಗೆ ಕೊಸರಿಲ್ಲ

ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಸರಿಯಾಗಿ ಓದಲು ಕಲಿತದ್ದು ಆಮೇಲೆ, ತಿಪಟೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ, ಸೀಸದ ಮೊಳೆ ಜೋಡಿಸುತ್ತ. ಮೊಳೆಯ ಮೇಲೆ ಅಕ್ಷರ ತಿರುಗಿಕೊಂಡಿರುತ್ತದೆ. ಹಾಗಾಗಿ ಎಷ್ಟೋ ದಿನ ನನಗೆ ನೆಟ್ಟಗಿನ ಬರಹಕ್ಕಿಂತ ಉಲ್ಟಾ ಬರಹವೇ ಸಲೀಸಾಗಿತ್ತು. ಮದುವೆ ಕಾಗದ, ಬಿಲ್ ಪುಸ್ತಕ, ತಿಥಿಯ ಆಹ್ವಾನ, ಕೊಬ್ಬರಿ ಮಂಡಿಯ ಚೀಟಿ ಎಲ್ಲ ನನ್ನ ಕೈಯಿಂದಲೇ ಆಗುತ್ತಿದ್ದವು. ಪ್ರೆಸ್ಸಿನ ಯಜಮಾನರು ನನ್ನನ್ನು ನಂಬಿದ್ದರು. ಅಕ್ಕನೂ ನಂಬಿದ್ದಳು. ಈ ಬರಹ ಆ ನಂಬಿಕೆಯನ್ನು ನಾನು ಏನು ಮಾಡಿದೆ ಅನ್ನುವುದರ ಬಗ್ಗೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳೂ ಭಾವನೂ ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳವು. ಹಿತ್ತಾಳೆ, ತಾಮ್ರ ಅಟ್ಟಕ್ಕೆ ಹೋಗಿ ಸ್ಟೀಲು ಅಡುಗೆಮನೆಗೆ ಬರುತ್ತಿದ್ದ ಕಾಲ. ಕೊಬ್ಬರಿ ಹರಾಜಿನ ದಿನ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರೆಲ್ಲ ಊರಿಗೆ ಬರುತ್ತಿದ್ದರು. ಮಂಡಿಯಿಂದ ಹೊರಟವರು ಮನೆಗೆ ಹೋಗುವ ಮುಂಚೆ ಅಕ್ಕನ ಅಂಗಡಿಗೊಮ್ಮೆ ಹಣಕಿ ಹೋಗುತ್ತಿದ್ದರು.

ಅಂಗಡಿಯ ದೊಡ್ಡ ವ್ಯಾಪಾರ ಮುಯ್ಯಿಯದು. ಧಾರೆ ಮುಗಿದ ಮೇಲೆ ನೆಂಟರು ಒಬ್ಬೊಬ್ಬರಾಗಿ ಪಾತ್ರೆ ಕೊಟ್ಟು ಮುಯ್ಯಿ ಓದಿಸುತ್ತಾರಲ್ಲ, ಆ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸಿರಬೇಕು. ಇಂಥವರಿಂದ ಅಂತ. ಹೆಸರು ಕೊರೆದ ಪಾತ್ರೆಯನ್ನು ಅಂಗಡಿಗೆ ಹಿಂದಿರುಗಿಸುವ ಹಾಗಿಲ್ಲ, ಬೇರೆ ಮದುವೆಗೆ ಸಾಗಿಸುವ ಹಾಗೂ ಇಲ್ಲ. ಅಕ್ಕನ ಮದುವೆಯಲ್ಲೇ ಒಂಬತ್ತು ಟಿಫನ್ ಕ್ಯಾರಿಯರ್ ಬಂದಿದ್ದವು. ಆ ಮನೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗುವವರು ಒಬ್ಬರೂ ಇರಲಿಲ್ಲ. ಒಂದರಲ್ಲಿ ಸಾಸಿವೆ, ಒಂದರಲ್ಲಿ ಗುಂಡಿ ಸೂಜಿ ದಾರ, ಒಂದರಲ್ಲಿ ಭಾವನ ಔಷಧಿ ಇಟ್ಟೂ ಆರು ಉಳಿದಿದ್ದವು.

ಆ ಆರು ಕ್ಯಾರಿಯರ್ ನೋಡಿ ನೋಡಿ ಅಕ್ಕನಿಗೆ ಹೊಳೆದದ್ದು ಮುಯ್ಯಿ ಚೀಟಿ. ನೆಂಟರು ಅಂಗಡಿಗೆ ಬಂದು ಇಪ್ಪತ್ತೈದು ರೂಪಾಯಿ ಕಟ್ಟಿ ಒಂದು ಚೀಟಿ ಕೊಳ್ಳುವುದು, ಅದನ್ನೇ ಮದುವೆಯಲ್ಲಿ ಓದಿಸುವುದು. ಹುಡುಗಿ ಆಮೇಲೆ ಚೀಟಿ ತಂದು ತನಗೆ ಬೇಕಾದ ಪಾತ್ರೆ ಆರಿಸಿಕೊಳ್ಳುವುದು.

ಮೊದಲು ಯಾರಿಗೂ ಹಿಡಿಸಲಿಲ್ಲ. ನೊಣವಿನಕೆರೆ ಹತ್ತಿರ ತೋಟ ಇದ್ದ ನಮ್ಮ ಮಾವ, ಅಂದರೆ ನನ್ನ ಹೆಂಡತಿಯ ತಂದೆ, ಅಕ್ಕನ ಮುಂದೆಯೇ ಹೇಳಿದರು.

"ಕಾಗ್ದ ಓದ್ಸಕಾಯ್ತದೇನವ್ವಾ? ನಾಳೆ ಅವ್ರ ಮನೇಲಿ ನೀರು ಕುಡಿಯಕ್ಕೆ ಕೊಟ್ರೆ ಚೊಂಬಿನ ಮ್ಯಾಲೆ ನನ್ನೆಸ್ರು ಕಾಣ್ಬೇಕಲ್ಲ."

"ಕಾಣ್ತದೆ ಕಣಪ್ಪ," ಅಂದಳು ಅಕ್ಕ. "ಹುಡ್ಗಿ ಏನು ತಗಂಡ್ರೂ ಅದ್ರ ಮ್ಯಾಲೆ ನಿಮ್ಮೆಸ್ರು ನಾವೇ ಕೊರ್ದು ಕೊಡ್ತೀವಿ. ಅವ್ಳು ಬೇಕು ಅಂತ ತಗಂಡಿದ್ದು ಅಟ್ಟಕ್ಕೋಗಲ್ಲ. ದಿನಾ ನಿಮ್ಮೆಸ್ರು ನೋಡ್ತಾಳೆ."

ಮಾವ ತಲೆದೂಗಿದರು. ಅವರು ಒಪ್ಪಿದರೆಂದರೆ ಸುತ್ತಿನ ನಾಲ್ಕು ಹಳ್ಳಿ ಒಪ್ಪಿದ ಹಾಗೆ.

ಮೊದಲ ಚೀಟಿ ಅಚ್ಚು ಹಾಕಿದವನು ನಾನೇ. ಅರಿಶಿನ ಬಣ್ಣದ ಕಾಗದ, ಮೇಲೆ ಕೊಡಪಾನದ ಚಿತ್ರ, ನಡುವೆ ಇಪ್ಪತ್ತೈದು ರೂಪಾಯಿ, ಕೆಳಗೆ ಕೊಟ್ಟವರ ಹೆಸರು ಬರೆಯಲು ಒಂದು ಗೆರೆ. ಒಂದೊಂದಕ್ಕೂ ಸಹಿ ಹಾಕುತ್ತ ಕೂರುವುದು ಬೇಡವೆಂದು ನಾನೇ ಸಲಹೆ ಕೊಟ್ಟು ಅಕ್ಕನ ಸಹಿಯದೊಂದು ಲೋಹದ ಬ್ಲಾಕ್ ಮಾಡಿಸಿ ಚೀಟಿಯಲ್ಲೇ ಅಚ್ಚು ಹಾಕಿದೆ. ಆಗ ನನ್ನ ಮನಸ್ಸಿನಲ್ಲಿ ಕಳ್ಳತನ ಇರಲಿಲ್ಲ. ಚಂದ ಕಾಣಲಿ, ಕೆಲಸ ಹಗುರಾಗಲಿ ಅಂತಷ್ಟೆ. ನಂಬರು ಹಾಕುವುದು ಯಾರಿಗೂ ತೋಚಲಿಲ್ಲ. ಇನ್ನೂರು ಚೀಟಿಯ ಕಟ್ಟಿಗೆ ಪ್ರೆಸ್ಸಿನ ವಾಡಿಕೆಯಂತೆ ಒಂದು ಹಿಡಿ ಕೊಸರು ಸೇರಿಸಿ ಕೊಟ್ಟೆವು. ನಮ್ಮಲ್ಲಿ ಸೇರು ಅಳೆದರೆ ಮೇಲೆ ಒಂದು ಹಿಡಿ ಕೊಸರು, ಸೊಪ್ಪು ಕೊಂಡರೆ ಎರಡು ಕಡ್ಡಿ ಕೊಸರು. ಚೀಟಿಗೂ ಹಾಗೇ. ಕೊಸರು ಎಷ್ಟೆಂದು ಯಾರೂ ಎಣಿಸುವುದಿಲ್ಲ, ಎಣಿಸಿದರೆ ಜಿಪುಣತನ.

ಅಂಗಡಿಯಲ್ಲಿ ಅಕ್ಕನೂ ಚೀಟಿ ಮಾರುತ್ತಿದ್ದಳು, ಭಾವನೂ ಮಾರುತ್ತಿದ್ದರು. ಒಂದು ಮಾರಿದರೆ ಪುಸ್ತಕದಲ್ಲಿ ಒಂದು ಗೀಟು. ಹೆಸರಿಲ್ಲ, ತಾರೀಖಿಲ್ಲ. ಪಾತ್ರೆಗೆ ಬದಲಾಗಿ ಬಂದ ಚೀಟಿಗಳನ್ನು ಗಲ್ಲದ, ಅಂದರೆ ದುಡ್ಡಿನ ಪೆಟ್ಟಿಗೆಯ, ಪಕ್ಕದ ಕಂಬಿಗೆ ಚುಚ್ಚಿಡುತ್ತಿದ್ದರು.

ಅಚ್ಚು ಹಾಕುವ ಟ್ರೆಡಲ್ ಮಿಷನ್ನಿನಲ್ಲಿ ಮೊದಲ ಹತ್ತಿಪ್ಪತ್ತು ಹಾಳೆ ವೇಸ್ಟ್ ಆಗುತ್ತವೆ. ಮಸಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಂಚು ಓರೆ. ಅವನ್ನು ಬುಟ್ಟಿಗೆ ಹಾಕುತ್ತೇವೆ. ಚೀಟಿ ಅಚ್ಚಾದ ದಿನದ ಬುಟ್ಟಿಯಿಂದ ಒಂದಷ್ಟನ್ನು, ಹಿಂಬದಿ ಖಾಲಿ ಇದೆಯಲ್ಲ, ಮಗಳು ಅಕ್ಷರ ತಿದ್ದಲಿ ಅಂತ ಮನೆಗೆ ತಂದಿದ್ದೆ. ಅದರಲ್ಲಿ ಹತ್ತಾರು ಚೀಟಿಗಳು ಎಷ್ಟು ಚೆನ್ನಾಗಿದ್ದವೆಂದರೆ ಪ್ರೆಸ್ಸಿನವನಾದ ನನ್ನನ್ನು ಬಿಟ್ಟು ಬೇರೆ ಯಾರಿಗೂ ಅವು ವೇಸ್ಟೆಂದು ತಿಳಿಯುವ ಹಾಗಿರಲಿಲ್ಲ.

ಆ ವರ್ಷ ಮಾವನ ಕಡೆ ಎಂಟು ಮದುವೆ. ಒಂದು ದಿನ ಸಂಜೆ ಅವರು ಬಸ್ಸಿಳಿದು ಅಂಗಡಿಗೆ ಹೋಗಿ, ಅಲ್ಲಿಂದ ನಮ್ಮ ಮನೆಗೆ ಬಂದರು. ಅಕ್ಕ ಭಾವ ಅವತ್ತು ಅಂಗಡಿಗೆ ಬೀಗ ಹಾಕಿ ಸಂಪಿಗೆ ಊರಿನ ದೇವರ ದರ್ಶನಕ್ಕೆ ಹೋಗಿದ್ದರು.

"ಅಳಿಯಂದ್ರೇ, ನಾಳೆನೇ ಒಂದು ಮದ್ವೆ. ಎಂಟೂ ಚೀಟಿ ಒಟ್ಗೇ ತಗಂಡೋಗಾನ ಅಂತಾವ ಬಂದೆ. ಅಂಗ್ಡಿ ಮುಚ್ಚಿದ್ರೆ ಹೆಂಗೆ?" ಅಂದು ಇನ್ನೂರು ರೂಪಾಯಿ ಕೈಗಿಟ್ಟರು.

ಹೆಂಡತಿ ಕಾಫಿ ತರಲು ಒಳಗೆ ಹೋದಳು. ನಾನು ಮಗಳ ಪುಸ್ತಕದ ಕೆಳಗಿದ್ದ ಚೀಟಿಗಳಲ್ಲಿ ಎಂಟನ್ನು ಆರಿಸಿ ಅವರ ಕೈಗೆ ಕೊಟ್ಟೆ. ನಾಳೆ ಬೆಳಿಗ್ಗೆ ದುಡ್ಡನ್ನು ಅಕ್ಕನ ಗಲ್ಲಕ್ಕೆ ಹಾಕಿ ಎಂಟು ಗೀಟು ಎಳೆಸಿದರೆ ಸರಿಹೋಯಿತು ಅಂದುಕೊಂಡೆ. ಇಷ್ಟು ಮಾತ್ರ ನಿಜ. ಆದರೆ ಬೆಳಿಗ್ಗೆ ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ಒಂದು ವಾರವಾದ ಮೇಲೆ ಆ ದುಡ್ಡಿನಲ್ಲಿ ಒಂದು ಕೈಗಡಿಯಾರ ಕೊಂಡೆ. ಮನೆಯಲ್ಲಿ ಕಾಯಿಲೆ ಇರಲಿಲ್ಲ, ಹಸಿವಿರಲಿಲ್ಲ. ಪ್ರೆಸ್ಸಿಗೆ ಬರುತ್ತಿದ್ದ ಮೇಷ್ಟ್ರುಗಳ ಕೈಯಲ್ಲಿ ಗಡಿಯಾರ ನೋಡಿ ನನಗೂ ಬೇಕೆನಿಸಿತ್ತು. ಅಷ್ಟಕ್ಕೇ. ಅಕ್ಕನ ಅಂಗಡಿಗೆ ಹೋಗುವಾಗ ಅಂಗಿಯ ತೋಳು ಇಳಿಬಿಟ್ಟುಕೊಳ್ಳುತ್ತಿದ್ದೆ.

ಮದುವೆಗಳು ಮುಗಿದು ಆಷಾಢ ಬಂತು. ವ್ಯಾಪಾರ ಇಲ್ಲದ ತಿಂಗಳು. ಅಕ್ಕ ಕಂಬಿಯ ಚೀಟಿಗಳನ್ನು ಇಳಿಸಿ ಎಣಿಸಿದಳು. ಪುಸ್ತಕದಲ್ಲಿ ಅರವತ್ತೊಂದು ಗೀಟು, ಕಂಬಿಯಲ್ಲಿ ಅರವತ್ತೊಂಬತ್ತು ಚೀಟಿ. ಮಾರಿದ್ದಕ್ಕಿಂತ ಹೆಚ್ಚು ಚೀಟಿ ಪಾತ್ರೆಗೆ ಬಂದಿದ್ದವು. ಉಳಿದ ಕಟ್ಟನ್ನು ಎಣಿಸಿ ನೋಡೋಣವೆಂದರೆ ಮೊದಲಿಗೆ ಎಷ್ಟಿತ್ತೆಂದು ಯಾರಿಗೆ ಗೊತ್ತು, ಕೊಸರು ಸೇರಿತ್ತಲ್ಲ.

ನಾನು ಅವತ್ತು ಬಿಲ್ ಪುಸ್ತಕ ತಲುಪಿಸಲು ಹೋಗಿದ್ದೆ. ಭಾವ ಒಂದು ಚೊಂಬಿನ ಮೇಲೆ ಹೆಸರು ಕೊರೆಯುತ್ತ ಕೂತಿದ್ದರು. ಅಕ್ಕ ಚೀಟಿಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಿದ್ದವಳು ತಲೆಯೆತ್ತದೆ ಕೇಳಿದಳು.

"ಲೇ, ನಿಮ್ಮಾವಂದು ಎಂಟು ಚೀಟಿ ಅವೆ. ನನ್ನತ್ರ ತಗಂಡಿದ್ದು ಗ್ಯಾಪ್ಕ ಇಲ್ಲ. ಯಾರತ್ರ ತಗಂಡ್ರಂತೆ?"

"ಭಾವನ ಹತ್ರ," ಅಂದೆ.

ಕೊರೆಯುವ ಮಿಷನ್ನಿನ ಗುಂಯ್ ಸದ್ದು ನಿಂತಿತು. ಭಾವ ನನ್ನ ಕಡೆ ನೋಡಿದರು. ನೋಟದಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಅವರು ಜ್ಞಾಪಿಸಿಕೊಳ್ಳುತ್ತಿದ್ದರು. ಛತ್ರಿ, ಚಪ್ಪಲಿ, ಕನ್ನಡಕ ಎಲ್ಲ ಎಲ್ಲೆಲ್ಲೋ ಬಿಟ್ಟು ಬರುವ ಮನುಷ್ಯ ಅವರು.

"ಕೊಟ್ಟಿರ್ಬೌದು ಕಣೇ," ಅಂದರು. "ಗೀಟು ಎಳೆಯಾದು ಮರ್ತಿರ್ತೀನಿ."

"ಗೀಟು ಮರ್ತ್ರಿ. ದುಡ್ಡು?"

"ಗಲ್ಲಕ್ಕೇ ಹಾಕಿರ್ತೀನಿ."

"ಗಲ್ಲದಾಗೆ ಗೀಟಿಗೆ ಎಷ್ಟೋ ಅಷ್ಟೇ ಇದ್ದಿದ್ದು."

ಭಾವ ಚೊಂಬನ್ನು ಪಕ್ಕಕ್ಕಿಟ್ಟರು. ಮದುವೆಯಾದ ಹೊಸತರಲ್ಲಿ ಅವರಿಗೆ ಇಸ್ಪೀಟಿನ ಚಟ ಇತ್ತು. ಮಗನ ತಲೆ ಮುಟ್ಟಿ ಆಣೆ ಮಾಡಿ ಅದನ್ನು ಬಿಟ್ಟಿದ್ದರು. ಅಕ್ಕನೂ ಅದನ್ನು ಮತ್ತೆ ಎತ್ತಿರಲಿಲ್ಲ. ಅವತ್ತೂ ಎತ್ತಲಿಲ್ಲ. ಗಲ್ಲದ ಬೀಗದ ಕೈಯನ್ನು ಮಾತ್ರ ಗೋಡೆಯ ಮೊಳೆಯಿಂದ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. ಹದಿಮೂರು ವರ್ಷ ಆ ಬೀಗದ ಕೈ ಇಬ್ಬರ ಕೈಗೂ ಸಿಗುವ ಮೊಳೆಯ ಮೇಲಿತ್ತು.

ನಾನು ಕದ್ದದ್ದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಆ ಎರಡು ಪದ, ಮತ್ತು ಅದಾದ ಮೇಲೆ ನಾನು ಸುಮ್ಮನಿದ್ದ ನಾಲ್ಕು ವಾರ.

ಭಾವ ಗಲ್ಲದ ಹತ್ತಿರ ಕೂರುವುದನ್ನು ಬಿಟ್ಟರು. ಗಿರಾಕಿ ದುಡ್ಡು ಕೊಡಲು ಬಂದರೆ "ಅಲ್ಲಿ ಕೊಡಿ" ಎಂದು ಅಕ್ಕನ ಕಡೆ ಕೈ ತೋರಿಸುತ್ತಿದ್ದರು. ಕಾಫಿ ಕುಡಿಯಲು ಹೋಗಬೇಕಾದರೂ ಅಕ್ಕನನ್ನು ಚಿಲ್ಲರೆ ಕೇಳಬೇಕು, ಕೇಳಲಾರರು. ಹೋಗುವುದನ್ನೇ ಬಿಟ್ಟರು. ಮೊದಲೆಲ್ಲ ಅಂಗಡಿಯಲ್ಲಿ ಇಬ್ಬರ ಜಗಳ, ತಮಾಷೆ ಬೀದಿಗೆ ಕೇಳುತ್ತಿತ್ತು. ಈಗ ಕೊರೆಯುವ ಮಿಷನ್ನಿನ ಸದ್ದು ಮಾತ್ರ.

ಶ್ರಾವಣ ಹತ್ತಿರ ಬಂತು. ಮತ್ತೆ ಮದುವೆ ಶುರುವಾಗುವ ಮುಂಚೆ ಚೀಟಿಯನ್ನು ಹೊಸದಾಗಿ ಮಾಡಬೇಕೆಂದು ಅಕ್ಕ ಒಂದು ಮಧ್ಯಾಹ್ನ ನನ್ನನ್ನು ಕರೆಸಿದಳು. ರಿಯಾಯಿತಿ ಕೂಪನ್ನನ್ನೂ ಜೊತೆಗೇ ಸರಿಮಾಡಬೇಕಿತ್ತು. ಅದು ಹಸಿರು ಕಾಗದದ್ದು. ಹರಾಜಿನ ದಿನ ನೂರು ರೂಪಾಯಿಗೆ ಮೇಲೆ ಕೊಂಡವರಿಗೆ ಒಂದು ಕೊಡುತ್ತಿದ್ದರು, ಮುಂದಿನ ಸಲ ತಂದರೆ ಐದು ರೂಪಾಯಿ ಬಿಡುವುದು. ಆ ಕೂಪನ್ನಿನಿಂದಲೂ ಅಕ್ಕ ಸಾಕಷ್ಟು ಪಾಠ ಕಲಿತಿದ್ದಳು. ಕೆಂಕೆರೆ ಕಡೆಯ ಒಬ್ಬ ಅಜ್ಜಿ ಎರಡು ವರ್ಷದ ಹಳೆಯ ಕೂಪನ್ ತಂದು, "ಉಗಾದಿ ತಂಕ ಅಂತ ಬರ್ದೈತೆ. ಯಾವ ಉಗಾದಿ ಅಂತ ಬರ್ದೀಯೇನವ್ವಾ?" ಎಂದು ಕೇಳಿ ಐದು ರೂಪಾಯಿ ಬಿಡಿಸಿಕೊಂಡೇ ಹೋಗಿದ್ದಳು.

ಅಕ್ಕ ಒಂದು ಹಾಳೆ ಹರಡಿ ಪೆನ್ಸಿಲ್ ಹಿಡಿದಳು. "ನೀನು ಕಳ್ಳ ಅನ್ಕ. ಇವೆರಡ್ರಾಗೂ ಹೆಂಗೆ ಮೋಸ ಮಾಡ್ತೀಯ, ಒಂದೊಂದೇ ಹೇಳು. ನಾನು ಮುಚ್ಚುತಾ ಹೋಯ್ತೀನಿ."

ನಾನು ಅಂಗಿಯ ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡೆ. ಹೇಳುತ್ತ ಹೋದೆ. ಹತ್ತು ಕೂಪನ್ ಒಟ್ಟಿಗೆ ತಂದು ಒಂದೇ ಬಿಲ್ಲಿಗೆ ಐವತ್ತು ರೂಪಾಯಿ ಬಿಡಿ ಅನ್ನುತ್ತೇನೆ. ಅಕ್ಕ ಬರೆದಳು: ಒಂದು ಬಿಲ್ಲಿಗೆ ಒಂದೇ ಕೂಪನ್. ಐದು ರೂಪಾಯಿಯ ಚೊಂಬು ಕೊಂಡು ಕೂಪನ್ ಕೊಟ್ಟು ಪುಕ್ಕಟೆ ಒಯ್ಯುತ್ತೇನೆ. ಬರೆದಳು: ಐವತ್ತು ರೂಪಾಯಿಗೆ ಕಡಿಮೆ ಬಿಲ್ಲಿಗೆ ಸಲ್ಲದು. ಹಳೆ ಹಿತ್ತಾಳೆ ತೂಕಕ್ಕೆ ಹಾಕಿ ಪಾತ್ರೆ ಬದಲಾಯಿಸುವಾಗ ಕೂಪನ್ ಸೇರಿಸುತ್ತೇನೆ. ಅದಕ್ಕೂ ಸಲ್ಲದು. ಉಗಾದಿ ಬದಲು ತಾರೀಖು, ತಿಂಗಳು, ವರ್ಷ.

ಆಗ ಮೂಲೆಯಿಂದ ಭಾವ ಬಾಯಿಬಿಟ್ಟರು. "ಕೂಪನ್ ಕೊಟ್ಟು ಮುಯ್ಯಿ ಚೀಟಿ ತಗಂಡ್ರೆ?"

ಅಕ್ಕ ಅವರ ಕಡೆ ತಿರುಗಿದಳು.

"ಎಲ್ಡು ಚೀಟಿ ಐವತ್ತು ರೂಪಾಯಿ. ಕೂಪನ್ ಕೊಟ್ಟು ನಲವತ್ತೈದಕ್ಕೆ ತಗತೀನಿ. ಆಮ್ಯಾಕೆ ಆ ಚೀಟಿ ಕೊಟ್ಟು ಐವತ್ತು ರೂಪಾಯಿ ಪಾತ್ರೆ ತಗತೀನಿ. ಅದ್ಕೆ ಇನ್ನೊಂದು ಕೂಪನ್ನೂ ಕೊಡ್ತೀನಿ," ಅಂದರು. "ಇಸ್ಪೀಟಾಡಿದೋನ್ಗೆ ಇಂಥವು ಬೇಗ ಗೊತ್ತಾಯ್ತವೆ."

ಅಕ್ಕ ಅದಕ್ಕೆ ನಗಲಿಲ್ಲ. ತಲೆ ತಗ್ಗಿಸಿ ಬರೆದಳು: ಮುಯ್ಯಿ ಚೀಟಿ ಕೊಳ್ಳಲೂ, ಮುಯ್ಯಿ ಚೀಟಿಯ ಜೊತೆಗೂ ಕೂಪನ್ ಸಲ್ಲದು.

ಮುಯ್ಯಿ ಚೀಟಿಗೆ ಬಂದೆವು. ನಂಬರು ಬೇಕು. ಚೀಟಿಗೆ ಅಂಟಿಕೊಂಡ ಹಾಗೆ ಎಡಗಡೆ ಒಂದು ತುಂಡು, ಅದರಲ್ಲೂ ಅದೇ ನಂಬರು, ನಡುವೆ ಹರಿಯಲು ಚುಕ್ಕಿ ತೂತಿನ ಗೆರೆ. ಕೊಟ್ಟವರ ಹೆಸರು, ಯಾರ ಮದುವೆಗೆ, ಮಾರಿದ ತಾರೀಖು ಎರಡರಲ್ಲೂ ಬರೆಯಬೇಕು. ತುಂಡು ಪುಸ್ತಕದಲ್ಲಿ ಉಳಿಯುತ್ತದೆ. ಚೀಟಿ ಬಂದಾಗ ತುಂಡಿನ ಜೊತೆ ತಾಳೆ ನೋಡಿ, ಎರಡರ ಮೇಲೂ "ಪಾತ್ರೆ ಕೊಟ್ಟಿದೆ" ಎಂದು ಬರೆದು ಚೀಟಿಯ ಮೂಲೆ ಕತ್ತರಿಸುವುದು. ಚೀಟಿ ಕಳೆದುಹೋದರೆ ತುಂಡು ನೋಡಿ, ಪಾತ್ರೆ ಹೋಗಿಲ್ಲದಿದ್ದರೆ ಹಳೆ ನಂಬರು ರದ್ದು ಮಾಡಿ ಬೇರೆ ಕೊಡುವುದು. ದುಡ್ಡು ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು, ಇಲ್ಲದಿದ್ದರೆ ಇಪ್ಪತ್ತೈದರ ಹಿಂದೆ ಒಂದು ಎಳೆದು ನೂರಿಪ್ಪತ್ತೈದು ಮಾಡಬಹುದು. ಚೀಟಿಗೆ ದುಡ್ಡು ವಾಪಸಿಲ್ಲ. ಪಾತ್ರೆಯ ಬೆಲೆ ಹೆಚ್ಚಾದರೆ ಮೇಲಿನದು ಕೊಡಬೇಕು. ಕಡಿಮೆಯಾದರೆ?

"ಉಳ್ದಿದ್ದು ನಮ್ಗೆ ಅನ್ನಾದು ಅನ್ಯಾಯ," ಅಂದಳು ಅಕ್ಕ. "ಉಳ್ದಿದ್ದಕ್ಕೆ ಚಮಚ ಕೊಡಾನ."

ಬರೆದದ್ದನ್ನೆಲ್ಲ ಅಕ್ಕ ನನ್ನಿಂದ ಜೋರಾಗಿ ಓದಿಸಿದಳು. ನಾನು ತಡವರಿಸಿದ ಕಡೆ ಪದ ಬದಲಾಯಿಸಿದಳು. "ವರ್ಗಾವಣೆ ಮಾಡತಕ್ಕದ್ದಲ್ಲ" ಅಂತ ಮೊದಲು ಬರೆದಿದ್ದಳು. ನನಗೆ ನಾಲಿಗೆ ಹೊರಳಲಿಲ್ಲ. ಅದನ್ನು ಹೊಡೆದು, "ಚೀಟಿಯಲ್ಲಿ ಹೆಸರಿರುವ ಮದುವೆ ಮನೆಯವರಿಗೆ ಮಾತ್ರ ಪಾತ್ರೆ" ಎಂದು ಬರೆದಳು. "ನಿಂಗೆ ತಿಳುದ್ರೆ ಎಲ್ರಿಗೂ ತಿಳೀತದೆ ಕಣ್ಲಾ," ಅಂದಳು. ನನ್ನ ನಾಲ್ಕನೇ ಕ್ಲಾಸು ಒಂದು ಕೆಲಸಕ್ಕೆ ಬಂತೆಂದು ನನಗೆ ಖುಷಿಯಾಗಬೇಕಿತ್ತು.

"ಇನ್ನೇನಾರ ದಾರಿ ಐತಾ? ನೆನ್ಸ್ಕ."

ಇತ್ತು. ನಾನು ಹಿಡಿದ ದಾರಿಯೇ ಇತ್ತು. ಪ್ರೆಸ್ಸಿನ ಬುಟ್ಟಿಯಿಂದಲೇ ಚೀಟಿ ಬಂದರೆ ಏನು ಮಾಡುತ್ತೀರಿ? ಅದನ್ನು ಕೇಳಿದರೆ ಅದು ನಿನಗೆ ಹೇಗೆ ಹೊಳೆಯಿತು ಎಂದು ಅವಳು ಕೇಳುತ್ತಾಳೆ.

"ಇಲ್ಲ," ಅಂದೆ.

ಅಕ್ಕ ಪೆನ್ಸಿಲ್ ಕೆಳಗಿಟ್ಟಳು. "ಹೊರಗಿನ ತೂತೆಲ್ಲ ಮುಚ್ದಂಗಾಯ್ತು. ಇನ್ಮ್ಯಾಲೆ ಹೆಚ್ಚುಕಮ್ಮಿ ಬಂದ್ರೆ ಒಳಗಿನೋರೇ." ಅವಳು ಯಾರನ್ನೂ ನೋಡದೆ ಹೇಳಿದಳು. ಭಾವ ಎದ್ದು ಪಾತ್ರೆ ಒರೆಸುವ ಬಟ್ಟೆ ಹುಡುಕಲು ಹೋದರು.

ಮೂರು ದಿನದ ಮೇಲೆ ಆ ಚೀಟಿಯನ್ನು ಮಿಷನ್ನಿಗೆ ಏರಿಸಿದೆ. ಚೀಟಿಗೊಂದು, ತುಂಡಿಗೊಂದು ಎರಡು ನಂಬರಿಂಗ್ ಮಿಷನ್ ಕಟ್ಟಿದ್ದೆ. ಒಂದೊಂದು ಸಲ ಒತ್ತಿದಾಗಲೂ ನಂಬರು ತಾನೇ ಮುಂದಕ್ಕೆ ಓಡುತ್ತದೆ. ಮೂವತ್ತೇಳನೇ ಹಾಳೆ ಓರೆಯಾಯಿತು. ತೆಗೆದು ಬುಟ್ಟಿಗೆ ಹಾಕಿದೆ. ನಲವತ್ತನೆಯದು ಮಸಿ ಮೆತ್ತಿಕೊಂಡಿತು. ಅದೂ ಬುಟ್ಟಿಗೆ. ನಡುವೆ ನಂಬರು ತಪ್ಪಬಾರದಲ್ಲ, ಕೊನೆಯಲ್ಲಿ ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಮೂವತ್ತೇಳು, ನಲವತ್ತು ಮತ್ತೆ ಹೊಡೆಯುತ್ತೇವೆ. ಅದೇ ರೂಢಿ. ಹಾಗೇ ಹೊಡೆದೆ.

ಹೊಸ ಮೂವತ್ತೇಳನ್ನು ಕಟ್ಟಿಗೆ ಸೇರಿಸುವಾಗ ಬುಟ್ಟಿಯಲ್ಲಿದ್ದ ಹಳೆ ಮೂವತ್ತೇಳು ಕಣ್ಣಿಗೆ ಬಿತ್ತು. ಎರಡನ್ನೂ ಅಕ್ಕಪಕ್ಕ ಹಿಡಿದೆ. ಅಂಚು ಸ್ವಲ್ಪ ಓರೆ, ಅಷ್ಟೇ. ಕೊಡಪಾನದ ಚಿತ್ರ ಅದೇ, ಅಕ್ಕನ ಸಹಿಯ ಬ್ಲಾಕು ಅದೇ, ನಂಬರು ಅದೇ. ಈ ವೇಸ್ಟ್ ಚೀಟಿ ಹೇಗೋ ಹೊರಗೆ ಹೋಗಿ, ಯಾರಾದರೂ ಮಾರಿದ ಚೀಟಿ ನೋಡಿ ಅದೇ ಹೆಸರು, ತಾರೀಖು ಬರೆದು, ಇದೇ ಮೊದಲು ಅಂಗಡಿ ಮುಟ್ಟಿದರೆ, ದುಡ್ಡು ಕೊಟ್ಟವನ ನಿಜವಾದ ಚೀಟಿ ಕಳ್ಳ ಚೀಟಿಯಾಗುತ್ತದೆ. ಅಕ್ಕ ತುಂಡು ನೋಡುತ್ತಾಳೆ. "ಪಾತ್ರೆ ಕೊಟ್ಟಿದೆ" ಅಂತ ಇರುತ್ತದೆ. ಕೊಟ್ಟವರು ಯಾರು? ಮತ್ತೆ ಭಾವ.

ನಾನು ಇನ್ನು ಕದಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅದರಿಂದ ಭಾವನಿಗೆ ಏನೂ ಪ್ರಯೋಜನವಿರಲಿಲ್ಲ. ಚೀಟಿ ಎಷ್ಟು ಭದ್ರವಾದರೆ ಅವರ ಮೇಲಿನ ಅನುಮಾನವೂ ಅಷ್ಟೇ ಭದ್ರವಾಗುತ್ತಿತ್ತು.

ಕೈ ತೊಳೆಯದೆ, ಮಸಿ ಕೈಯಲ್ಲೇ ಬುಟ್ಟಿ ಎತ್ತಿಕೊಂಡು ಹೊರಟೆ. ಎಲ್ಲಿಗೆಂದು ಯಜಮಾನರು ಕೇಳಿದರು. "ಅಕ್ಕನ ಅಂಗಡಿಗೆ, ವೇಸ್ಟ್ ತೋರ್ಸಕ್ಕೆ," ಅಂದೆ. ಅವರಿಗೆ ಅರ್ಥವಾದ ಹಾಗೆ ಕಾಣಲಿಲ್ಲ.

ಅಂಗಡಿಯಲ್ಲಿ ಇಬ್ಬರೂ ಇದ್ದರು, ಗಿರಾಕಿ ಯಾರೂ ಇರಲಿಲ್ಲ. ಬುಟ್ಟಿಯನ್ನು ಗಲ್ಲದ ಮುಂದೆ ಸುರಿದೆ.

"ಅಕ್ಕ, ಇನ್ನೊಂದು ದಾರಿ ಐತೆ," ಅಂದೆ. "ಇದು. ನಮ್ಮಾವಂಗೆ ಕೊಟ್ಟ ಎಂಟು ಚೀಟಿ ಇಂಥ ಬುಟ್ಟಿಯಿಂದ ತಗಂಡಿದ್ದು. ದುಡ್ಡು ನಾನು ಮಡಿಕ್ಕಂಡೆ. ಭಾವನ ಹತ್ರ ತಗಂಡಿದ್ದಲ್ಲ."

ಅಂಗಿಯ ತೋಳು ಮೇಲೆ ಮಾಡಿ ಗಡಿಯಾರ ಬಿಚ್ಚಿ ಗಲ್ಲದ ಮೇಲಿಟ್ಟೆ.

ಅಕ್ಕ ಮೊದಲು ನನ್ನನ್ನು ನೋಡಲಿಲ್ಲ. ಸೆರಗಿನ ಗಂಟು ಬಿಚ್ಚತೊಡಗಿದಳು. ನಾಲ್ಕು ವಾರದ ಗಂಟು, ಬಿಗಿದುಕೊಂಡಿತ್ತು. ಕೊನೆಗೆ ಹಲ್ಲಿನಿಂದ ಬಿಚ್ಚಿ ಬೀಗದ ಕೈಯನ್ನು ಭಾವನ ಮುಂದೆ ಹಿಡಿದಳು. "ತಗಳ್ರೀ," ಅಂದಳು. ಭಾವ ಅದನ್ನು ತೆಗೆದುಕೊಂಡು ಮೊದಲಿದ್ದ ಮೊಳೆಗೆ ನೇತುಹಾಕಿದರು.

"ನಾನೇ ಕೊಟ್ಟೆ ಅನ್ಕಂಡಿದ್ದೆ ಕಣಪ್ಪ," ಎಂದರು ನನಗೆ. "ಎಷ್ಟು ನೆನ್ಸ್ಕಂಡ್ರೂ ನೆಪ್ಪಾಗ್ತಿರ್ಲಿಲ್ಲ. ನಂಗೆ ಅರಳುಮರಳು ಶುರುವಾಯ್ತು ಅಂತಾವ ಎದ್ರಿದ್ದೆ. ಸದ್ಯ, ಬುಡು."

ಅವರು ಇಷ್ಟೇ ಹೇಳಿದ್ದು. ನನಗೆ ಬೈದಿದ್ದರೆ ಚೆನ್ನಾಗಿತ್ತು. ಬೈಯುವ ಕೆಲಸ ಅಕ್ಕ ಮಾಡಿದಳು, ಚೆನ್ನಾಗಿಯೇ ಮಾಡಿದಳು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬೈದು ಮುಗಿಸಿ ನೀರು ಕುಡಿದು, ಸುರಿದ ಚೀಟಿಗಳ ಮುಂದೆ ಕೂತು ಕೇಳಿದಳು:

"ಈ ತೂತು ಮುಚ್ಚಾದೆಂಗೆ? ಹೇಳು. ನಿಂಗೇ ಗೊತ್ತಿರಾದು."

ಹೇಳಿದೆ. ಸಹಿಯ ಬ್ಲಾಕು ತೆಗೆಯಬೇಕು. ಪ್ರೆಸ್ಸಿನಿಂದ ಬರುವ ಚೀಟಿ ಪೂರಾ ಆಗಿರಬಾರದು. ಮಾರುವ ಹೊತ್ತಿನಲ್ಲಿ ಅಂಗಡಿಯ ಮೊಹರು, ಅದೂ ತುಂಡಿಗೂ ಚೀಟಿಗೂ ಅರ್ಧರ್ಧ ಬೀಳುವ ಹಾಗೆ, ಹರಿಯುವ ಗೆರೆಯ ಮೇಲೆಯೇ ಒತ್ತಬೇಕು. ತಾಳೆ ನೋಡುವಾಗ ಎರಡು ಅರ್ಧ ಕೂಡಬೇಕು. ಕೈಯಲ್ಲಿ ಸಹಿ ಹಾಕಬೇಕು. ಕಾಗದವನ್ನು ಪ್ರೆಸ್ಸಿಗೆ ಎಣಿಸಿ ಕೊಡಬೇಕು. ಒಳ್ಳೆಯದೂ ಕೆಟ್ಟದ್ದೂ ಸೇರಿ ಅಷ್ಟೇ ವಾಪಸು ಬರಬೇಕು. ಕೆಟ್ಟದ್ದನ್ನು ಅಂಗಡಿಯಲ್ಲೇ ಹರಿದು ಒಲೆಗೆ ಹಾಕಬೇಕು.

"ಮತ್ತೆ ಕೊಸರು?" ಅಂದರು ಭಾವ.

"ಕೊಸರು ಬ್ಯಾಡ," ಅಂದಳು ಅಕ್ಕ. ಸೊಪ್ಪಿನವಳ ಹತ್ತಿರ ಎರಡು ಕಡ್ಡಿಗೆ ಹತ್ತು ನಿಮಿಷ ಜಗಳವಾಡುವ ಹೆಂಗಸು ಅವಳು. ಭಾವ ನಕ್ಕರು. ಆಮೇಲೆ ಅವಳೂ ನಕ್ಕಳು. ನಾಲ್ಕು ವಾರದಲ್ಲಿ ಆ ಅಂಗಡಿಯಲ್ಲಿ ನಾನು ಕೇಳಿದ ಮೊದಲ ನಗು ಅದು.

ಹೊಸ ಚೀಟಿಯ ಕೊನೆಯ ಸಾಲು ನನ್ನದು. ಅಕ್ಕ ಒಂದಕ್ಷರವನ್ನೂ ತಿದ್ದಲಿಲ್ಲ. "ಮೊಹರು, ಸಹಿ ಇಲ್ಲದಿದ್ದರೆ ಇದು ಬರೀ ಕಾಗದ." ಅದನ್ನು ಉಳಿದ ಸಾಲುಗಳಿಗಿಂತ ದಪ್ಪ ಮೊಳೆಯಲ್ಲಿ ಜೋಡಿಸಿದೆ. ಮೊದಲು ಹೊಡೆದ ನಂಬರಿನ ಚೀಟಿಗಳೆಲ್ಲ ಒಲೆಗೆ ಹೋದವು, ಕಾಗದದ ಖರ್ಚು ನನ್ನದು. ಯಜಮಾನರಿಗೂ ನಾನೇ ಹೇಳಿದೆ. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರು ತೆಗೆಯಲಿಲ್ಲ. ಇನ್ನು ಮೇಲೆ ಎಲ್ಲ ಗಿರಾಕಿಗಳ ಚೀಟಿ ಕೆಲಸಕ್ಕೂ ಇದೇ ಕ್ರಮ ಎಂದರು.

ಗಡಿಯಾರವನ್ನು ಅಕ್ಕ ಮುಟ್ಟಲಿಲ್ಲ. "ಮಾರಿದ್ರೆ ಅರ್ಧ ದುಡ್ಡೂ ಬರಲ್ಲ. ಕಟ್ಕ. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಬಾ, ಟೈಂ ನೋಡ್ಕಂಡು ಬಾ. ನಿಮ್ಭಾವನ ಕೈ ನೋಯ್ತದೆ. ಹೆಸ್ರು ಕೊರ್ದು ಸಾಲ ತೀರ್ಸು."

ಭಾವ ನನಗೆ ಕೊರೆಯುವುದನ್ನು ಕಲಿಸಿದರು. ಮಿಷನ್ನು ಒತ್ತಿ ಹಿಡಿಯಬಾರದು, ಪೆನ್ನಿನ ಹಾಗೆ ಹಗುರ ಹಿಡಿಯಬೇಕು. ದುಂಡನೆಯ ಪಾತ್ರೆಯಲ್ಲಿ ಕೈ ತಿರುಗಿಸಬಾರದು, ಪಾತ್ರೆ ತಿರುಗಿಸಬೇಕು. ಉಲ್ಟಾ ಅಕ್ಷರ ನೋಡಿ ನೋಡಿ ಪಳಗಿದ ನನ್ನ ಕಣ್ಣಿಗೆ ನೆಟ್ಟಗಿನ ಅಕ್ಷರ ಬರೆಯುವುದೇ ಮೊದಮೊದಲು ಕಷ್ಟವಾಯಿತು. ಸಾಲ ತೀರಿದ ಮೇಲೂ ಭಾನುವಾರ ಹೋಗುವುದನ್ನು ನಾನು ಬಿಡಲಿಲ್ಲ. ಮುಂದೆ ಮೊಳೆ ಜೋಡಿಸುವ ಕೆಲಸವೇ ಇಲ್ಲವಾದಾಗ ನನ್ನ ಮನೆ ನಡೆದದ್ದು ಆ ಕೊರೆಯುವ ಕೆಲಸದಿಂದ. ಮಗಳ ಮದುವೆಯೂ ಅದರಿಂದಲೇ ಆಯಿತು. ಅಕ್ಕ ಕೊಟ್ಟ ಶಿಕ್ಷೆಯನ್ನೇ ನಾನು ಇಷ್ಟು ವರ್ಷ ಉಂಡೆ.

ಮಾವನಿಗೆ ಮಾತ್ರ ಹೇಳಲಿಲ್ಲ. ಎಂಟು ಮನೆಯಲ್ಲಿ ಅವರ ಹೆಸರಿನ ಪಾತ್ರೆಗಳಿದ್ದವು, ಅವರ ಹೆಸರಿಗೆ ಕುಂದಾಗದ ಹಾಗೆ ಅಕ್ಕ ನೋಡಿಕೊಂಡಿದ್ದಳು. ಅವರು ತೀರಿಹೋಗಿ ಬಹಳ ಕಾಲವಾಯಿತು. ಈಗ ಹೇಳಿದ್ದೇನೆ.

ಆಮೇಲೆ ಪ್ರತಿ ಮದುವೆ ಕಾಲಕ್ಕೂ ಹೊಸ ಕಟ್ಟು ಅಚ್ಚಾಗುತ್ತಿತ್ತು. ಒಳ್ಳೆಯ ಚೀಟಿ ಒಂದು ಕಡೆ, ಕೆಟ್ಟ ಹಾಳೆ ಒಂದು ಕಡೆ ಹಿಡಿದು ನಾನು ಅಂಗಡಿಗೆ ಹೋಗುತ್ತಿದ್ದೆ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಎಣಿಸಬೇಕೆಂದು ಅಕ್ಕನ ಕಟ್ಟಪ್ಪಣೆ. ನಾನು ಎಣಿಸಿ ಮುಂದೆ ತಳ್ಳುತ್ತಿದ್ದೆ.

"ನೀವೂ ಎಣ್ಸಿ ಭಾವ."

"ಎಣಿಸ್ತೀನಿ ಬುಡು," ಅನ್ನುತ್ತಿದ್ದರು ಅವರು.

ಬೆರಳಿಗೆ ಉಗುಳು ಹಚ್ಚಿಕೊಂಡು ಒಂದೊಂದೇ ಹಾಳೆ ತಿರುವುತ್ತಿದ್ದರು. ತುಟಿ ಆಡುತ್ತಿತ್ತು. ಅಕ್ಕ ಗಲ್ಲದಿಂದ ನೋಡುತ್ತಿದ್ದಳು. ಭಾವನ ಕಣ್ಣು ಮಾತ್ರ ಹಾಳೆಯ ಮೇಲಿರುತ್ತಿರಲಿಲ್ಲ, ಬೀದಿಯ ಮೇಲಿರುತ್ತಿತ್ತು. ಕೊನೆಯ ಹಾಳೆ ತಿರುವಿದ ಮೇಲೆ, ನಾನು ಎಷ್ಟು ಹೇಳಿದ್ದೆನೋ ಅಷ್ಟನ್ನೇ ಜೋರಾಗಿ ಅಕ್ಕನಿಗೆ ಕೇಳುವ ಹಾಗೆ ಹೇಳುತ್ತಿದ್ದರು.